ಹಾಸು ಬೇರೆ, ಹೊಕ್ಕು ಬೇರೆ: ಸೀರೆ ಅಪ್ಪಟ ರೇಷ್ಮೆಯೇ ಎಂದು ಮನೆಯಲ್ಲೇ ನೋಡುವ ಬಗೆ

ಮದುವೆಯ ಜವಳಿ ತೆಗೆಯುವ ದಿನಗಳಲ್ಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸೀರೆ ಅಂಗಡಿಗಳಿಗೆ ಹೋದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಕ್ಕಾ, ಅನುಮಾನ ಇದ್ರೆ ಒಂದೆಳೆ ಸುಟ್ಟೇ ನೋಡಿ." ಸೆರಗಿನ ತುದಿಯಿಂದ ನಾಲ್ಕೆಳೆ ಕಿತ್ತು ಬೆಂಕಿಕಡ್ಡಿ ತಾಗಿಸುತ್ತಾರೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೋಡಿದವರಿಗೆ ಸಮಾಧಾನವಾಗಿ ಬಿಲ್ಲು ಹಾಕಿಸುತ್ತಾರೆ.

ಆ ಪರೀಕ್ಷೆ ಸುಳ್ಳಲ್ಲ. ಆದರೆ ಅದು ಹೇಳಿದ್ದು ಅರ್ಧ ಮಾತ್ರ. ಸೆರಗಿನ ತುದಿಯಲ್ಲಿ ಜೋತಾಡುವ ಎಳೆಗಳೆಲ್ಲ ಹಾಸಿನ ಎಳೆಗಳು, ಅಂದರೆ ಸೀರೆಯ ಉದ್ದಕ್ಕೂ ಓಡುವ ನೂಲು. ಅಡ್ಡಡ್ಡ ಹೋಗುವ ಹೊಕ್ಕಿನ ನೂಲನ್ನು ಯಾರೂ ಸುಡಲೇ ಇಲ್ಲ. ಹಾಸಿಗೆ ರೇಷ್ಮೆ, ಹೊಕ್ಕಿಗೆ ಅಗ್ಗದ ನೂಲು ಹಾಕಿ ನೇಯ್ದ ಸೀರೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಪೂರ್ತಿ ನಕಲಿ ಸೀರೆಯನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ; ಜನ ಮೋಸಹೋಗುವುದು ಹೆಚ್ಚಾಗಿ ಈ ಅರ್ಧಂಬರ್ಧ ಸೀರೆಗಳಲ್ಲಿ. ಹಾಗಾಗಿ ಕಣ್ಣು, ಕೈ ಏನು ಹೇಳಬಲ್ಲವು ಎಂಬುದನ್ನು ಮೊದಲು ನೋಡಿಕೊಂಡು, ಆಮೇಲೆ ಹಾಸು ಹೊಕ್ಕುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದನ್ನು ಇಲ್ಲಿ ನಿಧಾನವಾಗಿ ವಿವರಿಸಿದ್ದೇವೆ.

ಆರ್ಟ್ ಸಿಲ್ಕ್ ಅಂದರೆ ಏನು

"ಆರ್ಟ್" ಎಂಬುದನ್ನು ಕಲೆ ಎಂದು ತಿಳಿದು, ಕುಸುರಿ ಕೆಲಸ ಜಾಸ್ತಿ ಇರುವ ರೇಷ್ಮೆ ಎಂದುಕೊಳ್ಳುವವರು ಬಹಳ ಮಂದಿ. ಅದು ಆರ್ಟಿಫಿಶಿಯಲ್ ಎಂಬುದರ ಮೊಟಕು, ಕೃತಕ ರೇಷ್ಮೆ ಎಂದೇ ಅರ್ಥ. ಚೀಟಿಯಲ್ಲಿ ಹಾಗೆ ಬರೆದಿದ್ದರೆ ಮಾರಿದವರು ಸುಳ್ಳು ಹೇಳಿಲ್ಲ, ನಾವು ಓದಿಕೊಂಡದ್ದು ತಪ್ಪು.

ಮೊದಮೊದಲು ಈ ಹೆಸರು ವಿಸ್ಕೋಸ್ ರೇಯಾನಿಗಿತ್ತು. ಅದು ಮರದ ತಿರುಳಿನಿಂದ ತೆಗೆಯುವ ನೂಲು. ಮಲೆನಾಡಿನ ನೀಲಗಿರಿ ತೋಪುಗಳ ಮರವೂ ಇಂಥ ತಿರುಳಿಗೆಂದು ಲಾರಿ ಹತ್ತಿದ್ದುಂಟು. ಹಾಗಾಗಿ ವಿಸ್ಕೋಸ್ ಗುಣದಲ್ಲಿ ಹತ್ತಿಯ, ಕಾಗದದ ಬಂಧು. ಈಗ ಅದೇ ಹೆಸರಿನಡಿ ಪಾಲಿಯೆಸ್ಟರ್ ಕೂಡ ಬರುತ್ತದೆ, ಅದು ಪ್ಲಾಸ್ಟಿಕ್ಕಿನ ಬಂಧು. ರೇಷ್ಮೆಯಾದರೋ ಹುಳುವಿನ ಮೈಯಿಂದ ಬಂದ ಪ್ರೋಟೀನು, ನಮ್ಮ ಕೂದಲು, ಉಗುರು, ಕೋಳಿಯ ಪುಕ್ಕ ಇವುಗಳ ಸಾಲಿನದು. ಈ ಮೂರು ಬಂಧುತ್ವ ನೆನಪಿದ್ದರೆ ಮುಂದಿನ ಪರೀಕ್ಷೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕೂದಲಿನಂತೆ ಸುಡುತ್ತದೆ, ಇನ್ನೊಂದು ಕಾಗದದಂತೆ ಸುಡುತ್ತದೆ, ಮತ್ತೊಂದು ಪ್ಲಾಸ್ಟಿಕ್ಕಿನಂತೆ ಕರಗುತ್ತದೆ.

ಸ್ಯಾಟಿನ್, ಕ್ರೇಪ್, ಜಾರ್ಜೆಟ್ ಎಂಬವು ನೂಲಿನ ಹೆಸರಲ್ಲ, ನೇಯ್ಗೆಯ ಮತ್ತು ನೂಲು ಹುರಿ ಮಾಡುವ ರೀತಿಯ ಹೆಸರು. ಅವನ್ನು ರೇಷ್ಮೆಯಲ್ಲೂ ಮಾಡಬಹುದು, ಪಾಲಿಯೆಸ್ಟರಿನಲ್ಲೂ ಮಾಡಬಹುದು. "ಸಾಫ್ಟ್ ಸಿಲ್ಕ್" ಎಂಬ ಹೆಸರಿನಲ್ಲಿ ಅಪ್ಪಟ ರೇಷ್ಮೆಯೂ ಸಿಗುತ್ತದೆ, ಪೂರ್ತಿ ಪಾಲಿಯೆಸ್ಟರೂ ಸಿಗುತ್ತದೆ. "ಸೆಮಿ" ಎಂಬ ಮಾತು ಕಂಡರೆ ಮಾತ್ರ ಯೋಚಿಸುವುದೇನೂ ಇಲ್ಲ, ಬೆರಕೆ ಎಂದು ಅವರೇ ಹೇಳಿದ್ದಾರೆ.

ಹೊಳಪು: ಬಾಗಿಲ ಬಳಿ ತಂದು ನೋಡಿ

ಅಂಗಡಿಯ ಎಲ್‌ಇಡಿ ದೀಪದ ಕೆಳಗೆ ಎಲ್ಲ ಸೀರೆಯೂ ಹೊಳೆಯುತ್ತದೆ. ಸೀರೆಯನ್ನು ಬಾಗಿಲ ಬಳಿಗೆ, ನೇರ ಬಿಸಿಲು ಬೀಳದ ಹಗಲು ಬೆಳಕಿಗೆ ತನ್ನಿ. ಜರಿ ಇಲ್ಲದ ಒಡಲಿನ ಭಾಗವನ್ನು ನೆರಿಗೆ ಹಿಡಿದಂತೆ ಸಡಿಲವಾಗಿ ಮಡಿಸಿ, ನಿಧಾನವಾಗಿ ಓರೆ ಮಾಡುತ್ತಾ ನೋಡಿ.

ರೇಷ್ಮೆಯ ಎಳೆ ಅಡ್ಡಕ್ಕೆ ಕೊಯ್ದರೆ ಸುಮಾರಾಗಿ ಮುಕ್ಕೋನದ ಆಕಾರದಲ್ಲಿರುತ್ತದೆ. ಅದೂ ಎಲ್ಲ ಎಳೆಯೂ ಒಂದೇ ಸಮ ಇರುವುದಿಲ್ಲ. ಅದಕ್ಕೇ ಅದರ ಮೇಲೆ ಬಿದ್ದ ಬೆಳಕು ಚದುರಿ, ಮಡಿಕೆಯ ಏರಿನಲ್ಲಿ ಸೀರೆಯ ಬಣ್ಣವೇ ತಿಳಿಯಾದಂತೆ ಕಾಣುತ್ತದೆ. ಕೆಂಪು ಸೀರೆಯ ಹೊಳಪು ಕೆಂಪಾಗಿಯೇ ಇರುತ್ತದೆ. ಅಗ್ಗದ ಪಾಲಿಯೆಸ್ಟರಿನಲ್ಲಿ ಮಡಿಕೆಯ ಏರಿನ ಮೇಲೆ ಬಿಳಿ ಗೆರೆ ಎಳೆದಂತೆ ಹೊಳಪು ನಿಲ್ಲುತ್ತದೆ. ಹೊಳೆಯುವ ವಿಸ್ಕೋಸಿನಲ್ಲಿ ಬಟ್ಟೆಯ ಮೈಯೆಲ್ಲ ಒಂದೇ ತಗಡಿನಂತೆ ಮಿರುಗುತ್ತದೆ.

ಈಗ ಇದು ಎಲ್ಲೆಲ್ಲಿ ಕೈಕೊಡುತ್ತದೆ ನೋಡಿ. ಪಾಲಿಯೆಸ್ಟರ್ ನೂಲನ್ನು ಮೂರು ಏಣಿನ ಆಕಾರದಲ್ಲೇ ತೆಗೆಯುವುದು ಗಿರಣಿಗಳಿಗೆ ಹೊಸ ವಿದ್ಯೆಯೇನಲ್ಲ. ಅಂಥ ನೂಲಿನ ಹೊಳಪು ರೇಷ್ಮೆಯ ಹೊಳಪಿಗೆ ಬಹಳ ಹತ್ತಿರ ಬರುತ್ತದೆ. ಇತ್ತ ಅಪ್ಪಟ ಟಸರ್ ರೇಷ್ಮೆ ಮಂಕಾಗಿ, ಒರಟಾಗಿ ಕಾಣುತ್ತದೆ. ತುಂಡು ರೇಷ್ಮೆಯನ್ನು ಹಿಂಜಿ ನೂತ ಸ್ಪನ್ ಸಿಲ್ಕ್ ಹತ್ತಿ ಬಟ್ಟೆಯಂತೆಯೇ ಇರುತ್ತದೆ. ಹೊಳಪೇ ಅಳತೆಗೋಲು ಎಂದುಕೊಂಡರೆ ಇವೆರಡನ್ನೂ ನಕಲಿ ಎಂದು ಬಿಟ್ಟುಬರುತ್ತೇವೆ.

"ಓರೆ ಮಾಡಿದರೆ ಬಣ್ಣ ಬದಲಾಗುತ್ತೆ, ಅದಕ್ಕೇ ಇದು ಪ್ಯೂರ್" ಎಂಬ ಮಾತಿಗಂತೂ ಬೆಲೆ ಕೊಡಬೇಡಿ. ಹಾಸಿಗೆ ಹಸಿರು, ಹೊಕ್ಕಿಗೆ ಕೆಂಪು ಹಾಕಿದರೆ ಯಾವ ನೂಲಾದರೂ ಎರಡು ಬಣ್ಣ ತೋರಿಸುತ್ತದೆ. ಅದು ನೇಕಾರನ ಬಣ್ಣದ ಆಯ್ಕೆ, ನೂಲಿನ ಗುಣವಲ್ಲ.

ಮುಟ್ಟಿ ನೋಡುವುದು

ಒಡಲಿನ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವವರೆಗೆ ಬಿಗಿಹಿಡಿದು ಬಿಡಿ. ಹುರಿ ಕಡಿಮೆ ಇರುವ ಸಾದಾ ನೇಯ್ಗೆಯ ರೇಷ್ಮೆಯಲ್ಲಿ ಸುಕ್ಕು ಬೀಳುತ್ತದೆ, ಆದರೆ ಮೊನಚಾಗಿ ನಿಲ್ಲದೆ ಮೆಲ್ಲಗೆ ಸಡಿಲಾಗುತ್ತದೆ. ವಿಸ್ಕೋಸಿನಲ್ಲಿ ಹಾಳೆ ಮುದುಡಿದಂತೆ ಗೆರೆಗಳು ಉಳಿದುಬಿಡುತ್ತವೆ. ಪಾಲಿಯೆಸ್ಟರ್ ಏನೂ ಆಗದಂತೆ ಪುಟಿದೇಳುತ್ತದೆ.

ಆದರೆ ಕ್ರೇಪ್ ಸೀರೆಗೆ ಈ ಪರೀಕ್ಷೆ ಬೇಡ. 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಕಾರ್ಖಾನೆಯ ಕ್ರೇಪ್ ಸೀರೆಯನ್ನು ಹಿಡಿದು ನೋಡಿದವರಿಗೆ ಗೊತ್ತು, ಅದು ಹೆಚ್ಚು ಸುಕ್ಕಾಗುವುದೂ ಇಲ್ಲ, ಸರಬರ ಸದ್ದು ಮಾಡುವುದೂ ಇಲ್ಲ. ಬೆರಳಿಗೆ ಸಣ್ಣ ರವೆಯಂತೆ ತಾಗುತ್ತದೆ. ಅದಕ್ಕೆ ಕಾರಣ ನೂಲಿಗೆ ಕೊಟ್ಟ ಬಲವಾದ ಹುರಿ. ಮುಷ್ಟಿ ಪರೀಕ್ಷೆಯ ಪ್ರಕಾರ ಅದು "ಪುಟಿದೇಳುವ" ಬಟ್ಟೆ, ಆದರೂ ಅಪ್ಪಟ ರೇಷ್ಮೆ.

ರೇಷ್ಮೆಯ ಸದ್ದಿನ ಬಗೆಗೂ ಇದೇ ಮಾತು. ಹೊಸ ಅರಳೆಯನ್ನು ಹಿಸುಕಿದಂತೆ, ಒಣ ಹಿಮದ ಮೇಲೆ ನಡೆದಂತೆ ಎಂದೆಲ್ಲ ಹೇಳುವ ಆ ಸದ್ದು ಹುಳುವಿನ ಕೊಡುಗೆಯಲ್ಲ. ನೂಲಿನ ಮೇಲಿನ ಅಂಟನ್ನು ಬೇಯಿಸಿ ತೆಗೆದ ಮೇಲೆ ತೆಳು ಹುಳಿ ನೀರಿನಲ್ಲಿ, ಅಂದರೆ ಸೌಮ್ಯ ಆಮ್ಲದಲ್ಲಿ, ಅದ್ದಿ ಒಣಗಿಸುವುದರಿಂದ ಬರುವಂಥದ್ದು. ಆ ಸಂಸ್ಕಾರ ಕೊಡದಿದ್ದರೆ ಅಪ್ಪಟ ರೇಷ್ಮೆಯೂ ಮೌನ. ಹಲವು ಸಲ ಒಗೆದ ಹಳೆಯ ಸೀರೆ ಸದ್ದು ಕಳೆದುಕೊಂಡಿರುತ್ತದೆ.

ಉಂಗುರದೊಳಗೆ ಸೀರೆ ತೂರಿಸುವ ಪರೀಕ್ಷೆ ಬಟ್ಟೆ ಎಷ್ಟು ತೆಳು, ಎಷ್ಟು ಜಾರುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಪಾಲಿಯೆಸ್ಟರ್ ಜಾರ್ಜೆಟ್ ಸರ್ರನೆ ಹೊರಬರುತ್ತದೆ. ದೊಡ್ಡ ಅಂಚಿನ, ಜರಿ ತುಂಬಿದ ಕಂಚಿ ಸೀರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಜರಿಯೂ ತರಚುತ್ತದೆ. ಅದನ್ನು ಮಾಡದಿರುವುದೇ ಒಳ್ಳೆಯದು.

ನಮ್ಮ ಊರಿನ ಹವೆಯದ್ದೂ ಒಂದು ಪಾತ್ರವಿದೆ. ಪಾಲಿಯೆಸ್ಟರ್ ಮೈಗೆ ಅಂಟುತ್ತದೆ, ಉಜ್ಜಿದರೆ ಕೂದಲನ್ನೆಳೆಯುತ್ತದೆ ಎನ್ನುವುದು ಒಣ ಹವೆಯ ಮಾತು. ಆಷಾಢ ಶ್ರಾವಣದಲ್ಲಿ, ಗೋಡೆಯೇ ತೇವ ಹಿಡಿದಿರುವಾಗ, ಉಜ್ಜಿದಾಗ ಹುಟ್ಟುವ ವಿದ್ಯುತ್ತು ಬಟ್ಟೆಯಲ್ಲಿ ನಿಲ್ಲದೆ ಹರಿದುಹೋಗುತ್ತದೆ, ಪಾಲಿಯೆಸ್ಟರ್ ಕೂಡ ಸಾಧುವಾಗಿ ಕೂರುತ್ತದೆ. ಅದೇ ತಿಂಗಳಲ್ಲಿ ರೇಷ್ಮೆ ಹವೆಯ ತೇವ ಹೀರಿ ಮೆತ್ತಗಾಗಿ, ತನ್ನ ಗರಿಗರಿತನ ಕಳೆದುಕೊಂಡಿರುತ್ತದೆ. ಮಾಘದ ಒಣ ಬೆಳಗಿನಲ್ಲಿ ಅಪ್ಪಟ ರೇಷ್ಮೆಯೂ ಕೂದಲನ್ನೆಳೆಯಬಲ್ಲದು. ಈ ಒಂದು ಲಕ್ಷಣವನ್ನು ನಂಬಿ ತೀರ್ಮಾನಕ್ಕೆ ಬರಬೇಡಿ.

ಒಟ್ಟಿನಲ್ಲಿ ಕಣ್ಣು, ಕೈಗಳಿಂದ ಅನುಮಾನ ಹುಟ್ಟಬಹುದು. ತೀರ್ಪಿಗೆ ಎಳೆಯೇ ಬೇಕು.

ಎಳೆ ತೆಗೆಯುವುದು

ಈ ಕೆಲಸ ಸರಿಯಾದರೆ ಮುಕ್ಕಾಲು ಪರೀಕ್ಷೆ ಮುಗಿದಂತೆ. ಸೀರೆಯ ಕುಚ್ಚನ್ನು ಕತ್ತರಿಸಿ ಸುಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೇಯ್ದ ಎಳೆಗಳನ್ನೇ ಗಂಟು ಹಾಕಿದ ಕುಚ್ಚಾದರೆ ಸರಿ. ಆಮೇಲೆ ಕಟ್ಟಿಸಿದ ಕುಚ್ಚಾದರೆ ಅದರಲ್ಲಿರುವುದು ರೀಲಿನಲ್ಲಿ ಸಿಗುವ "ಸಿಲ್ಕ್ ಥ್ರೆಡ್". ಹೆಸರು ಸಿಲ್ಕ್ ಎಂದಿದ್ದರೂ ಅದು ಬಹುಪಾಲು ವಿಸ್ಕೋಸ್. ಅದನ್ನು ಸುಟ್ಟು, ಕಾಗದದಂತೆ ಉರಿಯಿತೆಂದು ಒಳ್ಳೆಯ ಸೀರೆಯ ಮೇಲೆ ಅಪವಾದ ಹೊರಿಸಿದಂತಾಗುತ್ತದೆ.

ರವಿಕೆ ಕಣವನ್ನು ಕತ್ತರಿಸಿದ ಅಂಚು, ಇಲ್ಲವೇ ಸೀರೆಯ ಒಳತುದಿ, ಎಳೆ ತೆಗೆಯಲು ಸರಿಯಾದ ಜಾಗ. ಅಲ್ಲಿ ಬಟ್ಟೆ ಅಡ್ಡಕ್ಕೆ ಕೊಯ್ದಿರುತ್ತದೆ. ಸೂಜಿಯ ಮೊನೆಯಿಂದ ಆ ಅಂಚಿಗೆ ಸಮಾನಾಂತರವಾಗಿ ಮಲಗಿರುವ ಎಳೆಯನ್ನು ಎತ್ತಿ ಎಳೆಯಿರಿ. ಸಲೀಸಾಗಿ ಕಳಚಿ ಬರುವ ಅದು ಹೊಕ್ಕು. ಹೀಗೆ ಹತ್ತು ಹನ್ನೆರಡು ಹೊಕ್ಕಿನೆಳೆ ತೆಗೆದರೆ ಅಂಚಿನಲ್ಲಿ ಸಣ್ಣ ಝಾಲರಿಯಂತೆ ಎಳೆಗಳು ಹೊರಚಾಚಿ ನಿಲ್ಲುತ್ತವೆ. ಅವು ಹಾಸು. ಅವನ್ನು ಬುಡದಲ್ಲಿ ಕತ್ತರಿಸಿಕೊಳ್ಳಿ. ಝಾಲರಿ ತೀರ ಗಿಡ್ಡವಾದರೆ ಇನ್ನಷ್ಟು ಹೊಕ್ಕು ಬಿಚ್ಚುತ್ತಾ ಹೋಗಿ, ಎರಡು ಮೂರು ಸೆಂಟಿಮೀಟರಾದರೂ ಉದ್ದ ಸಿಗಬೇಕು.

ಹಾಸಿನ ಎಳೆಗಳನ್ನು ಒಂದು ಬಿಳಿ ಕಾಗದದ ಮೇಲೆ, ಹೊಕ್ಕಿನವನ್ನು ಇನ್ನೊಂದರ ಮೇಲೆ ಇಟ್ಟು ಹೆಸರು ಬರೆಯಿರಿ. ಅಂಚಿನ ಹಾಸು ಒಡಲಿನ ಹಾಸಿಗಿಂತ ಬೇರೆಯಾಗಿರುವುದುಂಟು, ಅದಕ್ಕೆ ಮೂರನೆಯ ಕಾಗದ. ಜರಿಯನ್ನು ಯಾವುದರ ಜೊತೆಗೂ ಬೆರೆಸಬೇಡಿ. ಪ್ಲಾಸ್ಟಿಕ್ ಜರಿಯ ಒಂದೆಳೆ ಸೇರಿದರೂ ಗಟ್ಟಿ ಗುಂಡು ಉಳಿದು, ಒಡಲೇ ಪಾಲಿಯೆಸ್ಟರ್ ಎಂಬಂತೆ ತೋರಿಸುತ್ತದೆ. ಅಸಲಿ ಜರಿಯ ಒಳಗಾದರೋ ರೇಷ್ಮೆಯೆಳೆಯೇ ಇರುವುದರಿಂದ ಅದು ಕೂದಲ ವಾಸನೆ ಕೊಟ್ಟು ಇನ್ನೊಂದು ದಿಕ್ಕಿಗೆ ದಾರಿ ತಪ್ಪಿಸುತ್ತದೆ.

ರವಿಕೆ ಕಣಕ್ಕೆ ಬೇರೆಯೇ ಬಣ್ಣದ ಹೊಕ್ಕು ಇದ್ದರೆ ಅದು ಒಡಲಿನ ಹೊಕ್ಕಲ್ಲ ಎಂಬುದನ್ನು ಗಮನಿಸಿ. ಆಗ ಸೀರೆಯ ಒಳತುದಿಯಿಂದಲೇ ತೆಗೆಯಬೇಕು.

ಸುಡುವುದು

ಸ್ಟೀಲ್ ತಟ್ಟೆ, ಚಿಮಟ, ಮೇಣದಬತ್ತಿ, ಪಕ್ಕದಲ್ಲಿ ಒಂದು ಬಟ್ಟಲು ನೀರು. ಫ್ಯಾನು ಆರಿಸಿ. ಊದುಬತ್ತಿ ಹಚ್ಚಿದ ಕೋಣೆಯಲ್ಲಾಗಲಿ, ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಾಗಲಿ ಬೇಡ, ಇಲ್ಲಿ ಮೂಗೇ ಉಪಕರಣ. ಮಕ್ಕಳನ್ನು ದೂರವಿಡಿ, ಸೀರೆಯನ್ನು ಇನ್ನೊಂದು ಕೋಣೆಯಲ್ಲಿಡಿ.

ಮೊದಲು ಗೊತ್ತಿರುವುದನ್ನು ಸುಡಿ. ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಕೂದಲು, ದೇವರ ದೀಪದ ಒಂದು ಹತ್ತಿ ಬತ್ತಿ, ದರ್ಜಿಗಳು ಹೊಲಿಯುವ ಪಾಲಿಯೆಸ್ಟರ್ ದಾರದ ಒಂದು ತುಂಡು. ಈ ಮೂರೂ ಹೇಗೆ ಸುಡುತ್ತವೆ ಎಂದು ಅದೇ ದಿನ, ಅದೇ ಮೂಗಿನಿಂದ ನೋಡಿಕೊಂಡರೆ ಆಮೇಲೆ ಗೊಂದಲವಿಲ್ಲ.

ನಂತರ ಹಾಸಿನ ಎಂಟು ಹತ್ತು ಎಳೆಗಳನ್ನು ಸೇರಿಸಿ ಹೊಸೆದು ಬತ್ತಿಯಂತೆ ಮಾಡಿ. ಒಂಟಿ ಎಳೆ ಕಣ್ಣು ಮಿಟುಕಿಸುವುದರೊಳಗೆ ಉರಿದುಹೋಗುತ್ತದೆ, ಏನೂ ತಿಳಿಯುವುದಿಲ್ಲ. ಚಿಮಟದಲ್ಲಿ ಹಿಡಿದು ಜ್ವಾಲೆಯ ಮಗ್ಗುಲಿನಿಂದ ನಿಧಾನವಾಗಿ ಹತ್ತಿರ ತನ್ನಿ. ಮೂರು ಘಳಿಗೆಗಳನ್ನು ನೋಡಬೇಕು: ಜ್ವಾಲೆಯ ಸಮೀಪ ಬಂದಾಗ, ಜ್ವಾಲೆಯೊಳಗಿದ್ದಾಗ, ಹೊರಗೆ ತೆಗೆದ ಮೇಲೆ.

ರೇಷ್ಮೆ ಬೆಂಕಿ ಕಂಡು ಸುರುಳಿಯಾಗುತ್ತದೆ, ಒಳಗಿಟ್ಟರೆ ಚಿಟಿಚಿಟಿ ಎನ್ನುತ್ತಾ ನಿಧಾನವಾಗಿ ಸುಡುತ್ತದೆ, ಹೊರಗೆ ತೆಗೆದರೆ ಸಾಮಾನ್ಯವಾಗಿ ತಾನೇ ಆರಿಹೋಗುತ್ತದೆ. ಸಂಕ್ರಾಂತಿಗೋ ಹಬ್ಬಕ್ಕೋ ಕೋಳಿ ಸುಟ್ಟ ಮನೆಯವರಿಗೆ ಆ ಪುಕ್ಕದ ವಾಸನೆ ಹೇಳಿಕೊಡಬೇಕಿಲ್ಲ. ತುದಿಯಲ್ಲಿ ಕರಿ ಗುಂಡೊಂದು ಉಳಿಯುತ್ತದೆ, ತಣ್ಣಗಾದ ಮೇಲೆ ಬೆರಳಲ್ಲಿ ತೀಡಿದರೆ ಪುಡಿಪುಡಿ. ವಿಸ್ಕೋಸ್ ಸುರುಳಿಯಾಗುವುದಿಲ್ಲ, ತಟ್ಟನೆ ಹೊತ್ತಿಕೊಳ್ಳುತ್ತದೆ, ಹೊರಗೆ ತೆಗೆದರೂ ಉರಿಯುತ್ತಲೇ ಇರುತ್ತದೆ. ಕಾಗದ ಸುಟ್ಟ ವಾಸನೆ, ಗುಂಡಿಲ್ಲ, ಊದಿದರೆ ಹಾರುವ ಬೂದು ಬೂದಿ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಮುದುಡುತ್ತದೆ, ಕರಗುತ್ತದೆ, ಕರಿ ಹೊಗೆ ಬಿಡುತ್ತದೆ. ಉಳಿದ ಗುಂಡು ಚಮಚದ ಹಿಂಬದಿಯಿಂದ ಒತ್ತಿದರೂ ಒಡೆಯುವುದಿಲ್ಲ. ಆ ಗುಂಡು ಪೂರ್ತಿ ತಣ್ಣಗಾಗದೆ ಮುಟ್ಟಬೇಡಿ; ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಹಾಸು ಮುಗಿದ ಮೇಲೆ ತಟ್ಟೆ ಒರೆಸಿ, ಕಿಟಕಿ ತೆರೆದು ಐದು ನಿಮಿಷ ಬಿಟ್ಟು ಹೊಕ್ಕನ್ನು ಸುಡಿ. ಮೊದಲಿನ ವಾಸನೆ ಮೂಗಿನಲ್ಲೇ ಕುಳಿತಿರುತ್ತದೆ, ಆ ಐದು ನಿಮಿಷ ಬೇಕೇ ಬೇಕು.

ಈ ಪರೀಕ್ಷೆಯ ದೊಡ್ಡ ದೌರ್ಬಲ್ಯ ವಾಸನೆಯದ್ದೇ. ಕೂದಲ ವಾಸನೆ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಸು ಹೊಕ್ಕು ಎರಡನ್ನೂ ಒಟ್ಟಿಗೆ ಸುಟ್ಟರೆ, ಅಥವಾ ಬಟ್ಟೆಯ ಚೂರನ್ನೇ ಸುಟ್ಟರೆ, ಸ್ವಲ್ಪ ರೇಷ್ಮೆ ಇದ್ದರೂ ಪೂರ್ತಿ ರೇಷ್ಮೆಯ ವಾಸನೆಯೇ ಬರುತ್ತದೆ. ವಾಸನೆಯಿಂದ "ಇದರಲ್ಲಿ ಎಲ್ಲೋ ರೇಷ್ಮೆ ಇದೆ" ಎಂದು ಹೇಳಬಹುದು, "ಇದು ರೇಷ್ಮೆಯೇ" ಎಂದು ಹೇಳಲಾಗದು. ಉಣ್ಣೆಗೂ ಇದೇ ವಾಸನೆ, ಇದೇ ಪುಡಿಯಾಗುವ ಗುಂಡು. ಇನ್ನು ತೂಕ ಬರಲೆಂದು ಲೋಹದ ಲವಣ ಹಿಡಿಸಿದ ರೇಷ್ಮೆಯಲ್ಲಿ ಗುಂಡಾಗದೆ ಎಳೆಯ ಆಕಾರದಲ್ಲೇ ಬೂದಿ ನಿಲ್ಲುತ್ತದೆ. ನೂಲು ರೇಷ್ಮೆಯೇ ಆಗಿದ್ದರೂ ಬೂದಿ ಬೇರೆ ಮಾತಾಡುತ್ತದೆ.

ಬ್ಲೀಚ್: ಸುಳ್ಳು ಹೇಳದ ಪರೀಕ್ಷೆ

ಸುಟ್ಟು ನೋಡಿದ ಮೇಲೂ ಅನುಮಾನ ಉಳಿದರೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದರಷ್ಟು ಸ್ಪಷ್ಟವಾದುದು ಇನ್ನೊಂದಿಲ್ಲ. ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ದ್ರವ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ; ಹತ್ತಿ, ವಿಸ್ಕೋಸ್, ಪಾಲಿಯೆಸ್ಟರ್ ಬಣ್ಣ ಕಳೆದುಕೊಳ್ಳಬಹುದು, ಕರಗುವುದಿಲ್ಲ. ಪ್ರಯೋಗಾಲಯಗಳಲ್ಲಿ ಬೆರಕೆ ಬಟ್ಟೆಯಲ್ಲಿ ರೇಷ್ಮೆ ಎಷ್ಟಿದೆ ಎಂದು ಅಳೆಯುವುದೂ ಇದೇ ತತ್ವದ ಮೇಲೆ.

ಬಾಟಲಿಯ ಮೇಲೆ "ಸೋಡಿಯಂ ಹೈಪೋಕ್ಲೋರೈಟ್" ಎಂದಿರಬೇಕು. ಬಣ್ಣದ ಬಟ್ಟೆಗೂ ಆಗುತ್ತದೆ ಎಂದು ಮಾರುವ ಬ್ಲೀಚುಗಳಲ್ಲಿ ಅದಿರುವುದಿಲ್ಲ, ಅವು ರೇಷ್ಮೆಯನ್ನು ಹೀಗೆ ಕರಗಿಸುವುದಿಲ್ಲ. ಆಗ ಅಸಲಿ ಸೀರೆಯೇ ನಕಲಿ ಎಂದು ತೋರುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಇದಕ್ಕೆ ಬೇಡ.

1. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿ, ಮೂರು ಸಣ್ಣ ಗಾಜಿನ ಲೋಟಗಳಿಗೆ ನೀರು ಬೆರೆಸದೆ ಎರಡೆರಡು ಟೀ ಚಮಚ ಬ್ಲೀಚ್ ಹಾಕಿ.
2. ಮೊದಲನೆಯದಕ್ಕೆ ಖಾತ್ರಿ ಇರುವ ಹಳೆಯ ರೇಷ್ಮೆ ಸೀರೆಯ ನಾಲ್ಕೆಳೆ ಹಾಕಿ. ಇದು ಬ್ಲೀಚಿನ ಪರೀಕ್ಷೆ.
3. ಎರಡನೆಯದಕ್ಕೆ ಹೊಸ ಸೀರೆಯ ಹಾಸಿನ ನಾಲ್ಕೆಳೆ, ಮೂರನೆಯದಕ್ಕೆ ಹೊಕ್ಕಿನ ನಾಲ್ಕೆಳೆ. ಕಡ್ಡಿಯಿಂದ ಒತ್ತಿ ಮುಳುಗಿಸಿ.
4. ಮೊದಲನೆಯ ಲೋಟದ ಎಳೆ ಪೂರ್ತಿ ಮಾಯವಾದ ಮೇಲೆ ಇನ್ನೂ ಹತ್ತು ನಿಮಿಷ ಬಿಟ್ಟು ಉಳಿದ ಎರಡನ್ನು ನೋಡಿ.

ರೇಷ್ಮೆಯ ಎಳೆಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ, ಬಣ್ಣ ಬಿಡುತ್ತದೆ, ಎಳೆ ಜೆಲ್ಲಿಯಂತೆ ಸಡಿಲಾಗಿ ಕೊನೆಗೆ ಕಾಣದಾಗುತ್ತದೆ. ತಾಜಾ ಬ್ಲೀಚಾದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಚಳಿಗಾಲದ ಬೆಳಗ್ಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ವರ್ಷದಿಂದ ಕಪಾಟಿನಲ್ಲಿದ್ದ ಬಾಟಲಿಯಾದರೆ ಬಲ ಕಳೆದುಕೊಂಡು ಯಾವುದನ್ನೂ ಕರಗಿಸದಿರಬಹುದು. ಮೊದಲನೆಯ ಲೋಟ ಇರುವುದು ಅದಕ್ಕೇ. ಗೊತ್ತಿರುವ ರೇಷ್ಮೆಯೇ ಕರಗದಿದ್ದರೆ ಹೊಸ ಸೀರೆಯ ಬಗ್ಗೆ ಏನೂ ಹೇಳುವಂತಿಲ್ಲ, ಹೊಸ ಬಾಟಲಿ ತನ್ನಿ.

ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ದ್ರವ, ವಿನೆಗರ್, ನಿಂಬೆರಸ ಯಾವುದನ್ನೂ ಸೋಕಿಸಬೇಡಿ. ಉಸಿರಿಗೆ ಅಪಾಯವಾಗುವ ಕ್ಲೋರಿನ್ ಅನಿಲ ಏಳುತ್ತದೆ. ಸೀರೆಯ ಮೇಲೆ ಒಂದು ಹನಿ ಸಿಡಿದರೂ ಅಲ್ಲಿ ತೂತು ಬಿದ್ದಂತೆಯೇ, ಅದಕ್ಕೇ ಸೀರೆ ಬೇರೆ ಕೋಣೆಯಲ್ಲಿರಬೇಕು. ಈ ಪರೀಕ್ಷೆಗೂ ಉಣ್ಣೆ, ರೇಷ್ಮೆಗಳ ನಡುವೆ ವ್ಯತ್ಯಾಸ ತಿಳಿಯದು, ಎರಡೂ ಕರಗುತ್ತವೆ. ಸೀರೆಯಲ್ಲಿ ಉಣ್ಣೆ ಅಪರೂಪವಾದ್ದರಿಂದ ಇದು ಶಾಲು ಕೊಳ್ಳುವವರು ಯೋಚಿಸಬೇಕಾದ ವಿಷಯ.

ವಿಸ್ಕೋಸ್ ಎಂಬ ಅನುಮಾನವಿದ್ದು ಬ್ಲೀಚ್ ಕೈಗೆ ಸಿಗದಿದ್ದರೆ ನೀರೇ ಸಾಕು. ಹತ್ತು ಸೆಂಟಿಮೀಟರಿನ ಎಳೆಯ ನಡುವಿಗೆ ಒಂದು ಹನಿ ನೀರು ಮುಟ್ಟಿಸಿ, ಒಂದು ನಿಮಿಷ ಬಿಟ್ಟು ಎರಡೂ ತುದಿ ಹಿಡಿದು ಒಂದೇ ಸಮ ಎಳೆಯಿರಿ. ವಿಸ್ಕೋಸ್ ನೆನೆದರೆ ಅರ್ಧದಷ್ಟು ಬಲ ಕಳೆದುಕೊಳ್ಳುವುದರಿಂದ ಒದ್ದೆ ಜಾಗದಲ್ಲೇ ಪಟ್ಟನೆ ತುಂಡಾಗುತ್ತದೆ. ರೇಷ್ಮೆ ಅಷ್ಟು ಸೋಲುವುದಿಲ್ಲ, ಎಲ್ಲಿ ಬೇಕಾದರೂ ತುಂಡಾಗಬಹುದು. ಒಂದೇ ಎಳೆಯಿಂದ ತೀರ್ಮಾನಿಸದೆ ಐದು ಸಲ ಮಾಡಿ. ಐದರಲ್ಲಿ ನಾಲ್ಕೈದು ಸಲ ಒದ್ದೆಯಲ್ಲೇ ತುಂಡಾದರೆ ವಿಸ್ಕೋಸ್ ಎಂದು ಹೇಳಬಹುದು. ಪಾಲಿಯೆಸ್ಟರಿಗೆ ನೀರಿನಿಂದ ಏನೂ ಆಗುವುದಿಲ್ಲವಾದ್ದರಿಂದ ಅದನ್ನು ಇದರಿಂದ ಹಿಡಿಯಲಾಗದು.

ಒಂದು ಸೀರೆಯ ಉದಾಹರಣೆ

ಮೆರೂನ್ ಒಡಲು, ಹಸಿರು ಅಂಚು, "ಪ್ಯೂರ್ ಸಾಫ್ಟ್ ಸಿಲ್ಕ್" ಎಂಬ ಚೀಟಿ, 6,800 ರೂಪಾಯಿ ಬೆಲೆಯ ಒಂದು ಸೀರೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಸೆರಗಿನ ಎಳೆ ಸುಟ್ಟು ತೋರಿಸಿದ್ದಾರೆ, ಕೂದಲ ವಾಸನೆ ಬಂದಿದೆ. ಬಾಗಿಲ ಬೆಳಕಿನಲ್ಲಿ ಹೊಳಪು ಚೆನ್ನಾಗಿದೆ, ಆದರೆ ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ಉಳಿಯುತ್ತಿದೆ. ಅದರಲ್ಲೂ ಸೀರೆಯ ಉದ್ದಕ್ಕೆ ಬಿದ್ದ ಸುಕ್ಕುಗಳು ಹೆಚ್ಚು ಮೊನಚು. ಉದ್ದಕ್ಕೆ ಸುಕ್ಕು ಬೀಳಬೇಕಾದರೆ ಮಡಿಯುವುದು ಅಡ್ಡ ಹೋಗುವ ಎಳೆ, ಅಂದರೆ ಹೊಕ್ಕು. ಅನುಮಾನ ಹೊಕ್ಕಿನ ಕಡೆಗೆ ಬೆರಳು ತೋರಿಸುತ್ತದೆ.

ರವಿಕೆ ಕಣ ಕತ್ತರಿಸಿದ ಅಂಚಿನಿಂದ ಎರಡನ್ನೂ ತೆಗೆದಾಗ ಹಾಸು ಸಪೂರ, ಹೊಕ್ಕು ತುಸು ದಪ್ಪ, ಹೆಚ್ಚು ಮಿರುಗು. ಹಾಸು ಸುರುಳಿಯಾಗಿ ಸುಟ್ಟು, ಆರಿ, ಪುಡಿಯಾಗುವ ಗುಂಡು ಉಳಿಸಿತು. ಹೊಕ್ಕು ಭಗ್ಗನೆ ಹೊತ್ತಿ ಕೊನೆಯವರೆಗೂ ಉರಿಯಿತು, ಕಾಗದದ ವಾಸನೆ. ಬ್ಲೀಚಿನಲ್ಲಿ ಹಾಸು ಹಳೆಯ ಸೀರೆಯ ಎಳೆಯ ಜೊತೆಜೊತೆಗೇ ಕರಗಿತು. ಹೊಕ್ಕು ಮೆರೂನ್ ಬಣ್ಣ ಬಿಟ್ಟು ಬೆಳ್ಳಗಾಗಿ ಹಾಗೇ ಉಳಿಯಿತು. ಉಳಿದ ಆ ಎಳೆಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ ಸುಟ್ಟರೆ ಮತ್ತೆ ಕಾಗದದ ವಾಸನೆ, ಗುಂಡಿಲ್ಲ. ಅಲ್ಲಿಗೆ ಪಾಲಿಯೆಸ್ಟರ್ ಅಲ್ಲ ಎಂದಾಯಿತು. ಇನ್ನು ಹತ್ತಿಯೋ ವಿಸ್ಕೋಸೋ? ಬ್ಲೀಚ್ ಮುಟ್ಟದ ಹೊಸ ಹೊಕ್ಕಿನೆಳೆಯ ನಡುವೆ ನೀರು ಮುಟ್ಟಿಸಿ ಎಳೆದಾಗ ಐದಕ್ಕೆ ಐದೂ ಒದ್ದೆಯಲ್ಲೇ ತುಂಡಾದವು. ಹತ್ತಿ ನೆನೆದರೆ ಬಲ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಇದು ರೇಷ್ಮೆ ಹಾಸು, ವಿಸ್ಕೋಸ್ ಹೊಕ್ಕಿನ ಸೀರೆ. ಅಂಗಡಿಯಲ್ಲಿ ಬಂದ ಕೂದಲ ವಾಸನೆ ನಿಜವಾದದ್ದೇ, ಚೀಟಿಯ ಮೇಲಿನ "ಪ್ಯೂರ್" ಮಾತ್ರ ನಿಜವಲ್ಲ.

ಇಂಥ ಫಲಿತಾಂಶ ಬಂದರೆ ಜಗಳಕ್ಕೆ ಮೊದಲು ಕಾಗದ ನೋಡಿಕೊಳ್ಳಿ. ಬಿಲ್ಲಿನಲ್ಲಿ ಬರೀ "ಸ್ಯಾರಿ" ಎಂದಿದೆಯೋ, "ಪ್ಯೂರ್ ಸಿಲ್ಕ್" ಎಂದಿದೆಯೋ ಎಂಬುದರ ಮೇಲೆ ನಿಮ್ಮ ಮಾತಿನ ತೂಕ ನಿಂತಿದೆ. ಕೊಳ್ಳುವಾಗಲೇ ಹಾಗೆ ಬರೆಸಿಕೊಳ್ಳುವುದು ಒಳ್ಳೆಯದು. ಬರೆಯಲು ಹಿಂಜರಿದರೆ ಅದೂ ಒಂದು ಪರೀಕ್ಷೆಯೇ. ಮನೆಯ ಪರೀಕ್ಷೆ ನಿಮ್ಮ ಮನಸ್ಸಿನ ಖಾತ್ರಿಗೆ. ಗ್ರಾಹಕರ ಆಯೋಗದ ಮುಂದೆ ಹೋಗುವುದಾದರೆ ಪ್ರಯೋಗಾಲಯದ ವರದಿಯೇ ಬೇಕು. ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ವ್ಯವಸ್ಥೆಯಲ್ಲಿ ಬಟ್ಟೆ ಪರೀಕ್ಷೆ ಮಾಡಿಸಬಹುದು. ಅದೇ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಇದ್ದರೆ ಅದರ ಮೇಲಿನ ಸಂಖ್ಯೆಯನ್ನು ತಾಳೆ ನೋಡಿ. ಚೀಟಿ ಆ ಸೀರೆಗೇ ಕಟ್ಟಿದ್ದೋ, ಕೌಂಟರಿನ ಮೇಲೆ ಬಿಡಿಯಾಗಿದ್ದುದೋ ಎಂಬುದನ್ನೂ ಗಮನಿಸಿ. ಅದು ರೇಷ್ಮೆಯ ಖಾತ್ರಿ, ಜರಿಯ ಖಾತ್ರಿಯಲ್ಲ.

ಸೀರೆಯನ್ನು ಇಟ್ಟುಕೊಳ್ಳುವುದೇ ಆದರೆ ಅದನ್ನು ವಿಸ್ಕೋಸ್ ಸೀರೆಯಂತೆಯೇ ನೋಡಿಕೊಳ್ಳಬೇಕು. ನೆನೆದಾಗ ಅದರ ಹೊಕ್ಕು ದುರ್ಬಲ, ಆದ್ದರಿಂದ ಬಕೆಟಿನಲ್ಲಿ ನೆನೆಹಾಕಿ ಹಿಂಡಿದರೆ ಉದ್ದಕ್ಕೆ ಸೀಳು ಬಿಡುತ್ತದೆ. ಡ್ರೈಕ್ಲೀನಿಗೆ ಕೊಡುವಾಗ ರೇಷ್ಮೆ ಎಂದಷ್ಟೇ ಹೇಳದೆ ಹೊಕ್ಕು ವಿಸ್ಕೋಸಿನದು ಎಂದೂ ಹೇಳಿ. ಮಳೆಯಲ್ಲಿ ನೆನೆದು ಬಂದರೆ ಹಗ್ಗದ ಮೇಲೆ ಒಂದೇ ಕಡೆ ಭಾರ ಬೀಳುವಂತೆ ಜೋತುಹಾಕಬೇಡಿ, ಒಣ ಪಂಚೆಯ ಮೇಲೆ ಅಗಲವಾಗಿ ಹರವಿ ನೆರಳಲ್ಲಿ ಆರಿಸಿ.